ರಜೆಯ ಅರ್ಜಿ ಮತ್ತು ಮೇಲಧಿಕಾರಿಗೆ ಕಳುಹಿಸುವ ಕಿರುಸಂದೇಶ: ಧ್ವನಿಭೇದ

ನೌಕರನೊಬ್ಬನು ತಾನು ಕೆಲಸಕ್ಕೆ ಬಾರದಿರುವ ಸಂಗತಿಯನ್ನು ಮೇಲಧಿಕಾರಿಗೆ ತಿಳಿಸುವ ಲಿಖಿತ ರೂಪಗಳು ಇಂದು ಮುಖ್ಯವಾಗಿ ಎರಡು: ಕಾಗದದ ಮೇಲೆ ವಿಧ್ಯುಕ್ತವಾಗಿ ಬರೆದು ಸಲ್ಲಿಸುವ ರಜೆಯ ಅರ್ಜಿ, ಮತ್ತು ಮೊಬೈಲಿನಲ್ಲಿ ಒಡನೆಯೇ ಕಳುಹಿಸುವ ಕಿರುಸಂದೇಶ. ಇವೆರಡರ ಧ್ವನಿಯಲ್ಲಿ ಕಾಣುವ ಅಂತರವನ್ನು ಕೇವಲ ವಿನಯದ ಹೆಚ್ಚು ಕಡಿಮೆಯೆಂದು ತಿಳಿಯುವುದು ವಾಡಿಕೆಯಾದರೂ ಅದು ಸರಿಯಲ್ಲ. ಅರ್ಜಿಯು ಅಧಿಕಾರದ ಸ್ಥಾನವನ್ನೂ, ಆ ಸ್ಥಾನದಲ್ಲಿ ಮುಂದೆ ಬಂದು ಕೂಡುವವರನ್ನೂ, ವರ್ಷಗಳ ತರುವಾಯ ಕಡತವನ್ನು ಬಿಚ್ಚಿ ನೋಡುವ ಲೆಕ್ಕಪರಿಶೋಧಕನನ್ನೂ ಉದ್ದೇಶಿಸಿದ್ದು. ಸಂದೇಶವಾದರೋ ಆ ದಿನದ ಬೆಳಗಿನಲ್ಲಿ ಬದಲಿ ಏರ್ಪಾಡು ಮಾಡಬೇಕಾಗಿರುವ ಒಬ್ಬ ವ್ಯಕ್ತಿಯನ್ನು ಉದ್ದೇಶಿಸಿದ್ದು.

ಈ ಭೇದವನ್ನು ಬೆಳಗಾವಿ ಸೀಮೆಯ ಉದಾಹರಣೆಯಿಂದ ನೋಡೋಣ. ಬೆಳಗಾವಿ ಜಿಲ್ಲೆಯು 1956ರ ನವೆಂಬರ 1ರವರೆಗೆ ಮುಂಬಯಿ ರಾಜ್ಯದ ಆಡಳಿತದಲ್ಲಿದ್ದುದರಿಂದ ಇಲ್ಲಿಯ ಕಚೇರಿ ಬರವಣಿಗೆಯ ಮೇಲೆ ಮರಾಠಿ ಪತ್ರಲೇಖನದ ಛಾಯೆ ಬಹುಕಾಲ ಉಳಿದಿತ್ತು. ರಜೆಗೆ ‘ಸೂಟಿ’ ಎನ್ನುವ ರೂಢಿ ಜನರ ಬಾಯಲ್ಲಿ ಇಂದಿಗೂ ಹೋಗಿಲ್ಲ. ಏಕೀಕರಣದ ಬಳಿಕ ಬಂದ 1958ರ ನಾಗರಿಕ ಸೇವಾ ನಿಯಮಾವಳಿಯಿಂದ ರಜೆಯ ವ್ಯವಹಾರಕ್ಕೆ ಏಕರೂಪತೆ ದೊರೆಯಿತು. ರಜೆಯನ್ನು ಹಕ್ಕೆಂದು ಕೇಳಲಾಗದು ಎಂಬ ತತ್ತ್ವವು ಈ ನಿಯಮಗಳ ಮೂಲದಲ್ಲಿದೆ. ಅರ್ಜಿಯ ವಾಕ್ಯವು ‘ಮಂಜೂರು ಮಾಡಬೇಕಾಗಿ ವಿನಂತಿ’ ಎಂದೇ ಮುಗಿಯುವುದಕ್ಕೆ ಕಾರಣವು ಇದೇ ಹೊರತು ದಾಸ್ಯಬುದ್ಧಿಯಲ್ಲ. ಕೊಡುವ ಅಧಿಕಾರವು ಎದುರಿನವರದು, ಕೇಳುವುದಷ್ಟೇ ಬರೆಯುವವನದು ಎಂಬ ಕಾನೂನಿನ ಸ್ಥಿತಿಯನ್ನೇ ಆ ಕ್ರಿಯಾಪದವು ಹೇಳುತ್ತದೆ.

ಕಿರುಸಂದೇಶವನ್ನು ತೀರ ಹೊಸತೆಂದು ಭಾವಿಸಬೇಕಾಗಿಲ್ಲ. ಫೋನು ಇಲ್ಲದ ಕಾಲದಲ್ಲಿ ಶಾಲೆಗೆ ಹೊರಟ ಹುಡುಗನ ಕೈಯಲ್ಲಿ ಮಾಸ್ತರರು ಹೆಡ್ ಮಾಸ್ತರರಿಗೆ ಚೀಟಿ ಕೊಟ್ಟು ಕಳುಹಿಸುತ್ತಿದ್ದರು. ಆ ಚೀಟಿಯ ಧ್ವನಿಯೂ ಅರ್ಜಿಯದಾಗಿರಲಿಲ್ಲ. ಹುಡುಗನು ದಾರಿಯಲ್ಲಿ ಅದನ್ನು ಕಳೆಯದಿದ್ದರೆ ಸಾಕಾಗಿತ್ತು.

ಭೇದವು ಸ್ಪಷ್ಟವಾಗುವಂತೆ ಒಂದು ಕಲ್ಪಿತ ಪ್ರಸಂಗವನ್ನು ತೆಗೆದುಕೊಳ್ಳೋಣ. ಅಥಣಿ ತಾಲೂಕಿನ ಕೊಕಟನೂರಿನ ಸರಕಾರಿ ಶಾಲೆಯ ಶಿಕ್ಷಕಿಯೊಬ್ಬರ ತಾಯಿಗೆ ರಾತ್ರಿ ಎದೆನೋವು ಕಾಣಿಸಿಕೊಂಡು, ಈ ಸೀಮೆಯ ಅನೇಕರಂತೆ ಅವರೂ ಗಡಿಯಾಚೆಯ ಮಿರಜಿನ ಆಸ್ಪತ್ರೆಗೆ ಹೊರಡಬೇಕಾಗಿದೆ. ಬೆಳಗಿನ ಆರು ಗಂಟೆಗೆ ಅವರು ಮುಖ್ಯೋಪಾಧ್ಯಾಯರಿಗೆ ಬರೆಯತಕ್ಕದ್ದು ಇಷ್ಟು:

“ಸರ್, ಇವತ್ತ ಶಾಲಿಗೆ ಬರಾಕ ಆಗೂದಿಲ್ರಿ. ಅವ್ವಗ ರಾತ್ರಿಯಿಂದ ಎದಿನೋವು ಐತ್ರಿ, ಮಿರಜಕ್ಕ ಕರ್ಕೊಂಡು ಹೊಂಟೇನ್ರಿ. ಬಿಸಿಯೂಟದ ಕೋಣಿ ಕೀಲಿ ಅಡುಗಿಯವರ ಕಡೆ ಕೊಟ್ಟೇನ್ರಿ. 5ನೇತ್ತೆ ಗಣಿತ ಮೊದಲನೇ ತಾಸು ಐತ್ರಿ. ಎಷ್ಟ ದಿನ ಆಗ್ತದ ಅಂತ ಡಾಕ್ಟರ್ ನೋಡಿದ ಮ್ಯಾಲೆ ತಿಳಸ್ತೀನ್ರಿ, ಅರ್ಜಿ ಬಂದ ಮ್ಯಾಲೆ ಕೊಡ್ತೀನ್ರಿ.”

ಇಲ್ಲಿ ‘ಮಾನ್ಯರೇ’ ಇಲ್ಲ, ‘ವಿಷಯ’ವಿಲ್ಲ, ಆದರೂ ಗೌರವಕ್ಕೆ ಕೊರತೆಯಿಲ್ಲ, ಪ್ರತಿಯೊಂದು ಮುಖ್ಯ ಕ್ರಿಯಾಪದದ ಬಾಲದಲ್ಲಿ ಕೂತಿರುವ ‘ರಿ’ಯು ಆ ಭಾರವನ್ನು ಹೊತ್ತಿದೆ. ಬೆಳಗಾವಿ ಸೀಮೆಯಲ್ಲಿ ಅದನ್ನು ಬಿಟ್ಟು ‘ಬರಾಕ ಆಗೂದಿಲ್ಲ’ ಎಂದಷ್ಟೇ ಬರೆದವರು ‘ಗೌರವಾನ್ವಿತ’ ಎಂಬ ವಿಶೇಷಣವನ್ನು ಮೊದಲಿಗೆ ಹಚ್ಚಿದರೂ ಒರಟರೆನಿಸಿಕೊಳ್ಳುತ್ತಾರೆ. ಮೊದಲ ವಾಕ್ಯದಲ್ಲಿಯೇ ಬಾರದಿರುವ ಸಂಗತಿಯನ್ನು ಇಟ್ಟದ್ದಕ್ಕೂ ಕಾರಣವುಂಟು: ಬೀಗಹಾಕಿದ ಫೋನಿನ ಮುಖದ ಮೇಲೆ ಸಂದೇಶದ ಮೊದಲ ಕೆಲವು ಮಾತುಗಳು ಮಾತ್ರ ಕಾಣುವುದರಿಂದ, ‘ಮೇಲ್ಕಾಣಿಸಿದ ವಿಷಯಕ್ಕೆ ಸಂಬಂಧಿಸಿದಂತೆ ತಮ್ಮಲ್ಲಿ ವಿನಂತಿಸಿಕೊಳ್ಳುವುದೇನೆಂದರೆ’ ಎಂದು ಆರಂಭಿಸಿದ ಸಂದೇಶವು ತನ್ನ ತಿರುಳನ್ನು ಮರೆಮಾಡಿಕೊಂಡೇ ಹೋಗುತ್ತದೆ. ಕೀಲಿಯ ವಿಚಾರವಂತೂ ಅರ್ಜಿಯಲ್ಲಿ ಬರತಕ್ಕದ್ದೇ ಅಲ್ಲ. ಆದರೆ ಆ ಬೆಳಗಿಗೆ ಮಕ್ಕಳ ಊಟವು ನಿಂತಿರುವುದು ಅದರ ಮೇಲೆಯೇ.

ಅದೇ ಸಂಗತಿಯು ಅರ್ಜಿಯಾದಾಗ ಹೀಗಾಗುತ್ತದೆ. ಇವರಿಂದ, ಇವರಿಗೆ ಎಂಬ ಎರಡು ವಿಳಾಸಗಳು. ‘ಒಂದು ದಿನದ ಸಾಂದರ್ಭಿಕ ರಜೆ ಮಂಜೂರು ಮಾಡುವ ಕುರಿತು’ ಎಂಬ ವಿಷಯಸೂಚನೆ. ಆಮೇಲೆ, “ನನ್ನ ತಾಯಿಯವರ ಅನಾರೋಗ್ಯದ ನಿಮಿತ್ತ ಅವರನ್ನು ಚಿಕಿತ್ಸೆಗಾಗಿ ಮಿರಜಿಗೆ ಕರೆದೊಯ್ಯಬೇಕಾಗಿ ಬಂದುದರಿಂದ, ಸದರಿ ದಿನಾಂಕದಂದು ಒಂದು ದಿನದ ಸಾಂದರ್ಭಿಕ ರಜೆಯನ್ನು ಕೇಂದ್ರಸ್ಥಾನ ಬಿಡುವ ಅನುಮತಿಯೊಂದಿಗೆ ಮಂಜೂರು ಮಾಡಬೇಕಾಗಿ ತಮ್ಮಲ್ಲಿ ವಿನಂತಿ” ಎಂಬ ಒಂದೇ ದೀರ್ಘ ವಾಕ್ಯ. ಕೊನೆಗೆ ಸ್ಥಳ, ದಿನಾಂಕ, ಸಹಿ. ಅವ್ವ ‘ತಾಯಿಯವರು’ ಆದಳು, ಎದೆನೋವು ‘ಅನಾರೋಗ್ಯ’ವಾಯಿತು, ರಾತ್ರಿಯ ಗಾಬರಿಯು ಅಳಿದು ‘ನಿಮಿತ್ತ’ವೊಂದು ಉಳಿಯಿತು. ಇದನ್ನು ನಿರ್ದಯ ಶೈಲಿಯೆಂದು ಹಳಿಯುವವರಿದ್ದಾರೆ. ಕಡತದಲ್ಲಿ ಹತ್ತಾರು ಕೈಗಳು ಮುಟ್ಟುವ ಕಾಗದದ ಮೇಲೆ ಮನೆಯ ಕಷ್ಟವನ್ನು ಬಿಡಿಸಿ ಹೇಳದಿರುವುದು ನನಗಾದರೋ ದಯೆಯಾಗಿಯೇ ತೋರುತ್ತದೆ.

ಎರಡು ಧ್ವನಿಗಳ ನಿಜವಾದ ಘರ್ಷಣೆ ಕಂಡುಬರುವುದು ನಿಶ್ಚಯದ ವಿಷಯದಲ್ಲಿ. ‘ಎಷ್ಟ ದಿನ ಆಗ್ತದ ಅಂತ ತಿಳಸ್ತೀನ್ರಿ’ ಎಂಬ ಸಂದಿಗ್ಧತೆಯನ್ನು ಸಂದೇಶವು ಸಹಿಸುತ್ತದೆ, ಅರ್ಜಿಯು ಸಹಿಸದು. ಅರ್ಜಿಗೆ ಆರಂಭದ ದಿನಾಂಕವೂ ಬೇಕು, ಮುಕ್ತಾಯದ ದಿನಾಂಕವೂ ಬೇಕು, ರಜೆಯ ಜಾತಿಯೂ ಬೇಕು. ಸಾಂದರ್ಭಿಕ ರಜೆಯು ಆಯಾ ವರ್ಷಕ್ಕೆ ಸೀಮಿತವಾದದ್ದು. 2019ರಲ್ಲಿ ನಾಲ್ಕನೆಯ ಶನಿವಾರವನ್ನು ರಜಾದಿನವೆಂದು ಘೋಷಿಸಿದಾಗ ಸರಕಾರಿ ಕಚೇರಿಗಳ ನೌಕರರಿಗೆ ಈ ರಜೆಯನ್ನು 15 ದಿನಗಳಿಂದ 10ಕ್ಕೆ ಇಳಿಸಲಾಯಿತು. ಅದನ್ನು ಗಳಿಕೆ ರಜೆಯೊಡನೆ ಜೋಡಿಸಲು ಬರುವುದಿಲ್ಲ. ಅದರ ನಡುವೆ ಬರುವ ಭಾನುವಾರವು ರಜೆಯ ಲೆಕ್ಕಕ್ಕೆ ಸೇರುವುದಿಲ್ಲ, ಗಳಿಕೆ ರಜೆಯ ನಡುವಿನದು ಸೇರುತ್ತದೆ. ಹೀಗಿರುವಾಗ ನಮ್ಮ ಶಿಕ್ಷಕಿಯು ಅವಸರದಲ್ಲಿ ಒಂದು ದಿನದ ಸಾಂದರ್ಭಿಕ ರಜೆಗೆ ಅರ್ಜಿ ಕಳುಹಿಸಿ, ಆ ಬಳಿಕ ತಾಯಿಯು ಹನ್ನೆರಡು ದಿನ ಆಸ್ಪತ್ರೆಯಲ್ಲಿ ಮಲಗಬೇಕಾಗಿ ಬಂದರೆ, ಮೊದಲ ದಿನವನ್ನೂ ಒಳಗೊಂಡಂತೆ ಇಡೀ ಅವಧಿಗೆ ಗಳಿಕೆ ರಜೆಯನ್ನು ಕೋರಿ ಹೊಸ ಅರ್ಜಿ ಬರೆಯಬೇಕಾಗುತ್ತದೆ. ಸಂದೇಶವು ಮುಂದೆ ಹೋಗಿ ಅರ್ಜಿಯು ಹಿಂದೆ ಬರುವುದೇ ಇಂಥ ಸಂದರ್ಭಗಳಲ್ಲಿ ಉಚಿತ.

ತಪ್ಪುಗಳು ಹೆಚ್ಚಾಗಿ ಹುಟ್ಟುವುದು ಒಂದರ ಕೆಲಸವನ್ನು ಇನ್ನೊಂದಕ್ಕೆ ಹಚ್ಚಿದಾಗ. ಸಂದೇಶದ ಕೆಳಗೆ ನೀಲಿ ಗೆರೆಗಳು ಬಿದ್ದುವೆಂದರೆ ಓದಿದರೆಂದು ಅರ್ಥವೇ ವಿನಾ ರಜೆ ಮಂಜೂರಾಯಿತೆಂದಲ್ಲ. ಹೆಬ್ಬೆರಳಿನ ಚಿತ್ರವೂ ‘ತಿಳಿಯಿತು’ ಎಂಬುದಕ್ಕಿಂತ ಹೆಚ್ಚಿನದನ್ನು ಖಚಿತವಾಗಿ ಹೇಳದು. ಅದನ್ನೇ ಮಂಜೂರಾತಿಯೆಂದು ನಂಬಿ ಅರ್ಜಿ ಕೊಡದೆ ಉಳಿದವರ ಹಾಜರಿ ಪುಸ್ತಕದ ಅಂಕಣವು ಖಾಲಿಯಿದ್ದು, ತಪಾಸಣೆಯ ದಿನ ಅದು ಅನಧಿಕೃತ ಗೈರುಹಾಜರಿಯ ಪ್ರಶ್ನೆಯಾಗಿ ಎದ್ದುನಿಲ್ಲುತ್ತದೆ. ತದ್ವಿರುದ್ಧವಾಗಿ ‘ನಾನು ನಾಳೆ ಬರುವುದಿಲ್ಲ, ದಯವಿಟ್ಟು ಗಮನಿಸಿ’ ಎಂದು ಕಾಗದದ ಮೇಲೆ ಬರೆದು ಸಹಿ ಹಾಕಿದರೆ ಅದು ಅರ್ಜಿಯೇ ಆಗದು. ಅಲ್ಲಿ ನಿರ್ಧಾರವಿದೆ, ಕೋರಿಕೆಯಿಲ್ಲ, ಮೇಲಧಿಕಾರಿಯು ಷರಾ ಬರೆಯುವುದಕ್ಕೆ ಎಡೆಯಿಲ್ಲ. ಶಾಲೆಯ ವಾಟ್ಸಾಪ್ ಗುಂಪಿನಲ್ಲಿ ರಜೆಯ ಸಂದೇಶವನ್ನು ಹಾಕುವುದು ಇನ್ನೊಂದು ಬಗೆಯ ಪ್ರಮಾದ. ಮುಖ್ಯೋಪಾಧ್ಯಾಯರು ಬೇಡವೆನ್ನಬೇಕಾದರೆ ಎಲ್ಲರ ಎದುರಿಗೆ ಬೇಡವೆನ್ನಬೇಕಾಗುತ್ತದೆ, ಆ ಇಕ್ಕಟ್ಟನ್ನು ಅವರು ಬಹುದಿನ ಮರೆಯುವುದಿಲ್ಲ.

ಖಾಸಗಿ ಸಂಸ್ಥೆಗಳಲ್ಲಿ ಅರ್ಜಿಯ ಸ್ಥಾನವನ್ನು ಮಿಂಚಂಚೆಯೂ ಗಣಕದ ನಮೂನೆಯೂ ಆಕ್ರಮಿಸಿವೆ. ಆ ನಮೂನೆಯಲ್ಲಿ ವಾಕ್ಯವೇ ಇಲ್ಲದಿರುವುದರಿಂದ ಧ್ವನಿಯ ಪ್ರಶ್ನೆಯೂ ಇಲ್ಲ. ಕಾರಣದ ಅಂಕಣದಲ್ಲಿ ‘ವೈಯಕ್ತಿಕ’ ಎಂದು ತುಂಬಿದರೆ ಮುಗಿಯಿತು. ಅಂಥಲ್ಲಿ ಮನುಷ್ಯಸಂಬಂಧದ ಭಾರವೆಲ್ಲ ಸಂದೇಶದ ಮೇಲೆಯೇ ಬೀಳುವುದರಿಂದ, ನಮೂನೆಯನ್ನು ತುಂಬುವ ಮೊದಲು ಅಧಿಕಾರಿಗೆ ಎರಡು ಸಾಲು ಬರೆದು ತಿಳಿಸುವ ಪದ್ಧತಿಯು ಬೆಳೆದುಬಂದಿದೆ.