ವಾಟ್ಸ್‌ಆ್ಯಪ್ ರಿಪೋರ್ಟ್‌ನಲ್ಲಿ ಹಳೆಯ ಚಾಟ್ ಸಿಗುತ್ತದೆಯೇ?

ವಾಟ್ಸ್‌ಆ್ಯಪ್ ಅಕೌಂಟ್ ಡಿಲೀಟ್ ಮಾಡುವ ಮುನ್ನ ರಿಪೋರ್ಟ್ ಇಳಿಸಿಕೊಂಡರೆ ಹಳೆಯ ಮೆಸೇಜ್, ಫೋಟೋ ಎಲ್ಲ ಉಳಿಯುತ್ತವೆ ಎಂದು ಹಲವರು ನಂಬಿದ್ದಾರೆ. ಇದು ತಪ್ಪು.

ರಬಕವಿ-ಬನಹಟ್ಟಿಯ ನೇಕಾರರೊಬ್ಬರು ಸೀರೆಗಳ ಫೋಟೋ, ಆರ್ಡರ್, ಬಾಕಿ ಲೆಕ್ಕವನ್ನೆಲ್ಲ ವಾಟ್ಸ್‌ಆ್ಯಪ್‌ನಲ್ಲೇ ಇಟ್ಟಿದ್ದಾರೆ ಎಂದುಕೊಳ್ಳೋಣ. Settings, Account, Request account info ಒತ್ತಿ ಅವರು ರಿಪೋರ್ಟ್ ಕೇಳುತ್ತಾರೆ. ಅದು ಸಿದ್ಧವಾಗಲು ಸುಮಾರು 3 ದಿನ ಬೇಕು. ಅವಸರಪಟ್ಟು ಅಷ್ಟರಲ್ಲೇ ಅಕೌಂಟ್ ಡಿಲೀಟ್ ಮಾಡಿದರೆ ಕೋರಿಕೆಯೇ ರದ್ದಾಗುತ್ತದೆ. ಕಾದರೆ ಸಿಗುವುದು ಒಂದು ZIP ಫೈಲ್. ಬಿಚ್ಚಿ ನೋಡಿದರೆ ಅವರ ಪ್ರೊಫೈಲ್ ಫೋಟೋ, ಕಾಂಟ್ಯಾಕ್ಟ್‌ಗಳ ನಂಬರ್, ಗ್ರೂಪ್‌ಗಳ ಹೆಸರು, ಸೆಟ್ಟಿಂಗ್‌ಗಳು ಇರುತ್ತವೆ. ಸೀರೆಯ ಫೋಟೋ ಒಂದೂ ಇಲ್ಲ, ಲೆಕ್ಕದ ಒಂದು ಸಾಲೂ ಇಲ್ಲ!

ಕಾರಣ ಸರಳ. ಮೆಸೇಜ್ ತಲುಪಿದ ಮೇಲೆ ಸಾಮಾನ್ಯವಾಗಿ ಕಂಪನಿಯ ಸರ್ವರ್‌ನಲ್ಲಿ ಉಳಿಯುವುದಿಲ್ಲ, ಅದು ಇರುವುದು ನಿಮ್ಮ ಫೋನ್‌ನಲ್ಲಿ. ಗೂಗಲ್ ಬ್ಯಾಕಪ್ ಇದೆಯಲ್ಲ ಎನ್ನಬೇಡಿ, ಅಕೌಂಟ್ ಡಿಲೀಟ್ ಮಾಡಿದರೆ ಅದೂ ಅಳಿಯುತ್ತದೆ.

ಹಾಗಾಗಿ ಬೇಕಾದ ಪ್ರತಿ ಚಾಟ್ ತೆರೆದು Export chat ಒತ್ತಿ, ನಿಮ್ಮದೇ ಇಮೇಲ್‌ಗೆ ಕಳಿಸಿಕೊಳ್ಳಿ. ಇದನ್ನು ಓದಬಹುದು, ಮತ್ತೆ ವಾಟ್ಸ್‌ಆ್ಯಪ್‌ಗೆ ತುಂಬಲಾಗದು. ಚಾಟ್ ತುಂಬಾ ದೊಡ್ಡದಿದ್ದರೆ ಹಳೆಯ ಭಾಗ ಬಿಟ್ಟುಹೋಗುತ್ತದೆ. ಫೈಲ್‌ನ ಮೊದಲ ಸಾಲಿನ ದಿನಾಂಕ ನೋಡಿದರೆ ಅದು ಗೊತ್ತಾಗುತ್ತದೆ. ರಿಪೋರ್ಟ್‌ನ ZIP ಫೈಲನ್ನು ಮಾತ್ರ ಯಾರಿಗೂ ಫಾರ್ವರ್ಡ್ ಮಾಡಬೇಡಿ, ಅದರಲ್ಲಿ ಬೇರೆಯವರ ನಂಬರ್‌ಗಳಿವೆ.