ಸ್ವತಂತ್ರ ವರದಿ ಮತ್ತು ಕಂಪನಿಯ ಪತ್ರಿಕಾ ಪ್ರಕಟಣೆ: ಮಂಡ್ಯದ ಸಕ್ಕರೆ ಕಾರ್ಖಾನೆಗಳ ನಿದರ್ಶನ

ಒಂದು ಕಂಪನಿಯ ಬಗ್ಗೆ ಮಾಹಿತಿ ಕಲೆಹಾಕುವಾಗ, ಪತ್ರಿಕೆಯಲ್ಲಿ ಅಚ್ಚಾದದ್ದೆಲ್ಲ ಸ್ವತಂತ್ರ ವರದಿ, ಕಂಪನಿಯ ಲೆಟರ್‌ಹೆಡ್‌ನಲ್ಲಿ ಬಂದದ್ದು ಮಾತ್ರ ಪ್ರಕಟಣೆ ಎಂದು ವಿಂಗಡಿಸುವ ರೂಢಿಯಿದೆ. ಈ ವಿಂಗಡಣೆ ಹೆಚ್ಚು ದೂರ ನಡೆಯುವುದಿಲ್ಲ. ಒಂದು ಮಾಹಿತಿ ಸ್ವತಂತ್ರವೋ ಅಲ್ಲವೋ ಎಂಬುದು ಅದು ಎಲ್ಲಿ ಅಚ್ಚಾಯಿತು ಎಂಬುದರಿಂದ ತೀರ್ಮಾನವಾಗುವುದಿಲ್ಲ. ಅದನ್ನು ಮೊದಲು ಹೇಳಿದವರು ಯಾರು, ಅವರಿಗೆ ಅದು ಹೇಗೆ ಗೊತ್ತಾಯಿತು, ಅದು ನಿಜವೆನಿಸಿದರೆ ಲಾಭ ಯಾರಿಗೆ ಎಂಬುದರಿಂದ ತೀರ್ಮಾನವಾಗುತ್ತದೆ. ಆದ್ದರಿಂದ ಇಡೀ ಸುದ್ದಿಗೆ ಒಂದೇ ಮುದ್ರೆ ಒತ್ತದೆ, ಅದರೊಳಗಿನ ಒಂದೊಂದು ಹೇಳಿಕೆಯನ್ನೂ ಬಿಡಿಬಿಡಿಯಾಗಿ ತೂಗಬೇಕು. ಕಬ್ಬಿನ ಸೀಮೆಯಾದ ಮಂಡ್ಯ ಜಿಲ್ಲೆಯಲ್ಲಿ ಸರ್ಕಾರಿ ಕಂಪನಿ, ಖಾಸಗಿ ಕಂಪನಿ, ಗುತ್ತಿಗೆಗೆ ಹೋದ ಸಹಕಾರಿ ಕಾರ್ಖಾನೆ ಮೂರೂ ಇರುವುದರಿಂದ ಇದನ್ನು ಪರೀಕ್ಷಿಸಲು ಒಳ್ಳೆಯ ಸಾಮಗ್ರಿ ಸಿಗುತ್ತದೆ.

1933ರಲ್ಲಿ ಸ್ಥಾಪನೆಯಾದ ಮೈಸೂರು ಸಕ್ಕರೆ ಕಂಪನಿ, ಅಂದರೆ ಮೈಷುಗರ್, ರಾಜ್ಯ ಸರ್ಕಾರದ ಒಡೆತನದ್ದು. ಮದ್ದೂರು ತಾಲ್ಲೂಕಿನ ಕೊಪ್ಪದಲ್ಲಿರುವ ಎನ್‌ಎಸ್‌ಎಲ್ ಮತ್ತು ಕೆ.ಎಂ. ದೊಡ್ಡಿಯಲ್ಲಿರುವ ಚಾಮುಂಡೇಶ್ವರಿ ಖಾಸಗಿ ಕಾರ್ಖಾನೆಗಳು. ಪಾಂಡವಪುರ ಸಹಕಾರ ಸಕ್ಕರೆ ಕಾರ್ಖಾನೆಯನ್ನು 2020ರಲ್ಲಿ ನಿರಾಣಿ ಸಮೂಹಕ್ಕೆ 40 ವರ್ಷದ ಗುತ್ತಿಗೆಗೆ ಕೊಡಲಾಯಿತು. ಕೊಪ್ಪ ಅಥವಾ ದೊಡ್ಡಿಯ ಕಾರ್ಖಾನೆಯ ಬಗ್ಗೆ ಜಿಲ್ಲಾಧಿಕಾರಿಯೋ ಸಕ್ಕರೆ ನಿರ್ದೇಶಕರೋ ಬಾಕಿ ವಸೂಲಿಗೆ ಆದೇಶ ಹೊರಡಿಸಿದರೆ ಅದು ಕಂಪನಿಯ ಹೊರಗಿನವರ ಮಾತು. ಮೈಷುಗರ್ ಬಗ್ಗೆ ಉಸ್ತುವಾರಿ ಸಚಿವರು ಸುದ್ದಿಗೋಷ್ಠಿಯಲ್ಲಿ ಹೇಳಿದ್ದು ಹಾಗಲ್ಲ, ಏಕೆಂದರೆ ಅಲ್ಲಿ ಮಾತಾಡುತ್ತಿರುವುದು ಮಾಲೀಕರೇ. ವಾರ್ತಾ ಇಲಾಖೆಯ ಟಿಪ್ಪಣಿಯೂ ಆ ಕಂಪನಿಯ ಮಟ್ಟಿಗೆ ಒಳಗಿನ ಪ್ರಕಟಣೆಯೇ. ಪಾಂಡವಪುರದ ವಿಷಯದಲ್ಲಿ ಸರ್ಕಾರ ಗುತ್ತಿಗೆ ಕೊಡಿಸಿದ ಕಡೆಯವರು, ಹಾಗಾಗಿ ಗುತ್ತಿಗೆ ಎಷ್ಟು ಚೆನ್ನಾಗಿ ನಡೆಯುತ್ತಿದೆ ಎಂಬ ಅದರ ಪ್ರಶಂಸೆಗೆ ಅರ್ಧ ತೂಕವಷ್ಟೇ. ಒಂದೇ ಕಚೇರಿ ಒಂದು ಕಾರ್ಖಾನೆಗೆ ಮೂರನೆಯವರಾಗಿ, ಇನ್ನೊಂದಕ್ಕೆ ಪಕ್ಷಗಾರರಾಗಿ ನಿಲ್ಲುತ್ತದೆ ಎಂಬುದನ್ನು ಗಮನಿಸದವರು ಮೈಷುಗರ್ ಬಗ್ಗೆ ಬರೆಯುವಾಗ ಸುಲಭವಾಗಿ ಎಡವುತ್ತಾರೆ.

ಪತ್ರಿಕೆಯ ಪುಟದಲ್ಲಿ ಪ್ರಕಟಣೆಯನ್ನು ಗುರುತಿಸುವುದು ಕೆಲವೊಮ್ಮೆ ಸುಲಭ. ಕೊನೆಯಲ್ಲಿ ‘ಎಂದು ಪ್ರಕಟಣೆ ತಿಳಿಸಿದೆ’ ಎಂದಿದ್ದರೆ ಸಂಪಾದಕರೇ ಮೂಲ ಒಪ್ಪಿಕೊಂಡಂತೆ. ಸುದ್ದಿಸಂಸ್ಥೆಗಳು ಹಣ ಪಡೆದು ಹಂಚುವ ಕಂಪನಿ ಟಿಪ್ಪಣಿಗಳ ಕೆಳಗೆ, ಇದರ ಸಂಪಾದಕೀಯ ಹೊಣೆ ತಮ್ಮದಲ್ಲ ಎಂಬ ಸಾಲಿರುತ್ತದೆ. ಮರುಪ್ರಕಟಿಸುವವರು ಕೆಲವೊಮ್ಮೆ ಆ ಸಾಲನ್ನು ಕತ್ತರಿಸಿಬಿಡುತ್ತಾರೆ, ಆಗ ಕೆಲಸ ಕಷ್ಟ. ಒಂದೇ ದಿನದ ಎರಡು ಪತ್ರಿಕೆಗಳನ್ನು ಪಕ್ಕಪಕ್ಕ ಇಟ್ಟು ಓದುವುದು ಆಗ ನೆರವಿಗೆ ಬರುವ ಉಪಾಯ. ಆದರೆ ಕನ್ನಡದಲ್ಲಿ ಪದಕ್ಕೆ ಪದ ಹೊಂದುತ್ತದೆಯೇ ಎಂದು ಹುಡುಕಿದರೆ ಸಾಲದು. ಮೂಲ ಟಿಪ್ಪಣಿ ಇಂಗ್ಲಿಷಿನಲ್ಲಿದ್ದರೆ ಮೂರು ಪತ್ರಿಕೆಯವರು ಮೂರು ಬಗೆಯಲ್ಲಿ ಅನುವಾದಿಸಿರುತ್ತಾರೆ, ವಾಕ್ಯಗಳು ಬೇರೆಯಾಗಿಯೇ ಕಾಣುತ್ತವೆ. ಬದಲಾಗದೆ ಉಳಿಯುವುದು ಅಂಕಿಗಳು ಬರುವ ಅನುಕ್ರಮ, ಅಧಿಕಾರಿ ಆಡಿದರೆನ್ನುವ ಮಾತಿನ ಜಾಗ, ಮತ್ತು ಏನನ್ನು ಬಿಡಲಾಗಿದೆ ಎಂಬುದು. ಬೇರೆ ಬೇರೆ ಕಡೆ ಕೆಲಸ ಮಾಡುವ ಮೂವರು ವರದಿಗಾರರೂ ರೈತರ ಬಾಕಿಯ ಪ್ರಶ್ನೆಯನ್ನು ಒಟ್ಟಿಗೆ ಮರೆಯುವುದು ಅಪರೂಪ. ಹಾಗೆ ಹೊಂದಿದರೆ ಮೂರು ವರದಿಗಳನ್ನೂ ಒಂದೇ ಮೂಲವೆಂದು ಎಣಿಸಬೇಕು. ಬೈಲೈನ್ ಇದೆಯೆಂಬುದರಿಂದ ಮಾತ್ರ ಈ ಲೆಕ್ಕ ಬದಲಾಗದು.

ಈಗ ಕಬ್ಬು ಅರೆಯುವ ಹಂಗಾಮಿನ ಆರಂಭದಲ್ಲಿ ಬರುವಂಥ ಒಂದು ಮಾದರಿ ಪ್ರಕಟಣೆಯನ್ನು ಬಿಡಿಸಿ ನೋಡೋಣ: ‘ಬಾಯ್ಲರ್‌ಗೆ ಅಗ್ನಿಸ್ಪರ್ಶ ನೆರವೇರಿದ್ದು ಕಾರ್ಖಾನೆ ಕಾರ್ಯಾರಂಭ ಮಾಡಿದೆ, ದಿನಕ್ಕೆ 5000 ಟನ್ ಕಬ್ಬು ಅರೆಯುವ ಸಾಮರ್ಥ್ಯ ಹೊಂದಿದೆ, ರೈತರಿಗೆ ನಿಗದಿತ ದರ ನೀಡಲಾಗುವುದು.’ ಇಲ್ಲಿರುವುದು ಮೂರು ಬೇರೆ ಜಾತಿಯ ಹೇಳಿಕೆಗಳು. ಅಗ್ನಿಸ್ಪರ್ಶ ಪೂಜೆಯ ದಿನ ನಡೆಯುವ ವಿಧಿ. ಗಾಣಕ್ಕೆ ಕಬ್ಬು ಬೀಳುವುದು ಅದೇ ದಿನವೇ ಆಗಬೇಕೆಂದಿಲ್ಲ. ಕೆಲವು ವರ್ಷ ನಿಂತಿದ್ದು 2022ರಲ್ಲಿ ಮತ್ತೆ ಶುರುವಾದ ಮೈಷುಗರ್‌ನಂಥ ಕಾರ್ಖಾನೆಯ ಇತಿಹಾಸ ಬರೆಯುವವರು ಈ ಎರಡು ದಿನಾಂಕಗಳನ್ನು ಬೇರೆಯಾಗಿಯೇ ಇಟ್ಟುಕೊಳ್ಳಬೇಕು. 5000 ಟನ್ ಎಂಬುದು ಯಂತ್ರದ ಸಾಮರ್ಥ್ಯ, ಅರೆದ ಕಬ್ಬಲ್ಲ. ಹಂಗಾಮು ಮುಗಿದ ಮೇಲೆ ಒಟ್ಟು ಎಷ್ಟು ಟನ್, ಎಷ್ಟು ದಿನ ಎಂದು ಸಿಕ್ಕರೆ ಭಾಗಿಸಿ ನೋಡಬಹುದು: 125 ದಿನಕ್ಕೆ 2.5 ಲಕ್ಷ ಟನ್ ಎಂದಾದರೆ ದಿನದ ಸರಾಸರಿ 2000 ಟನ್. ಆಗ ಪ್ರಕಟಣೆ ಸುಳ್ಳು ಹೇಳಿತೆಂದಲ್ಲ, ಬೇರೊಂದು ಪ್ರಶ್ನೆಗೆ ಉತ್ತರಿಸಿತ್ತು ಎಂದಷ್ಟೇ ಅರ್ಥ.

ಮೂರನೆಯದಾದ ದರದ ಮಾತು ಹೆಚ್ಚು ನಾಜೂಕಿನದು. ಕೇಂದ್ರ ಸರ್ಕಾರ 2024-25ರ ಹಂಗಾಮಿಗೆ ನಿಗದಿಪಡಿಸಿದ ಎಫ್‌ಆರ್‌ಪಿ ಟನ್ನಿಗೆ 3400 ರೂಪಾಯಿ, ಅದೂ ಶೇ 10.25 ಸಕ್ಕರೆ ಇಳುವರಿಗೆ. ಶೇ 9.5 ಅಥವಾ ಅದಕ್ಕಿಂತ ಕಡಿಮೆ ಇಳುವರಿಯ ಕಾರ್ಖಾನೆಗೆ ಅದು 3151 ರೂಪಾಯಿ. ಅಂದರೆ ಇಳುವರಿಯ ಅಂಕಿಯೇ ರೈತನಿಗೆ ಸೇರಬೇಕಾದ ಹಣವನ್ನು ನಿರ್ಧರಿಸುತ್ತದೆ, ಮತ್ತು ಆ ಅಂಕಿ ಹುಟ್ಟುವುದು ಕಾರ್ಖಾನೆಯ ಒಳಗಿನ ಪ್ರಯೋಗಾಲಯದಲ್ಲಿ. ಇಲ್ಲಿ ಕಂಪನಿಯ ಮಾತೊಂದನ್ನೇ ನೆಚ್ಚುವಂತಿಲ್ಲ. ಕಟಾವು ಮತ್ತು ಸಾಗಣೆ ವೆಚ್ಚ ಕಳೆದ ಮೇಲಿನ ದರವೋ, ಕಳೆಯುವ ಮೊದಲಿನದೋ ಎಂಬುದನ್ನೂ ಪ್ರಕಟಣೆಗಳು ಅನೇಕ ವೇಳೆ ಹೇಳುವುದಿಲ್ಲ. ‘ನೀಡಲಾಗುವುದು’ ಎಂಬ ಕ್ರಿಯಾಪದವನ್ನು 1966ರ ಕಬ್ಬು ನಿಯಂತ್ರಣ ಆದೇಶದ ಪಕ್ಕದಲ್ಲಿಟ್ಟು ಓದಬೇಕು: ಕಬ್ಬು ಪೂರೈಸಿದ 14 ದಿನದೊಳಗೆ ಹಣ ಪಾವತಿಯಾಗಬೇಕು, ತಡವಾದರೆ ಶೇ 15ರ ವಾರ್ಷಿಕ ಬಡ್ಡಿ ಸೇರಬೇಕು. ಪಾವತಿ ಆಯಿತೇ ಎಂಬುದಕ್ಕೆ ಸಾಕ್ಷಿ ಪ್ರಕಟಣೆಯಲ್ಲ. ಸಕ್ಕರೆ ನಿರ್ದೇಶನಾಲಯದ ಬಾಕಿ ಪಟ್ಟಿ, ರೈತರ ಬ್ಯಾಂಕ್ ಖಾತೆ ನೋಡಿ ಬರೆದ ವರದಿ, ಸರ್ಕಾರಿ ಕಂಪನಿಯಾದರೆ ಮಹಾಲೇಖಪಾಲರ ಲೆಕ್ಕಪರಿಶೋಧನೆ. ಈ ಕೊನೆಯದು ಬರುವುದು ತಡವಾಗಿ, ಆದರೆ ಮೈಷುಗರ್‌ಗೆ ಸಂಬಂಧಿಸಿ ಮಾಲೀಕರ ಆಡಳಿತಕ್ಕೆ ಅಧೀನವಲ್ಲದ ಮೂಲಗಳಲ್ಲಿ ಅದು ಮುಖ್ಯವಾದದ್ದು.

ಇಷ್ಟು ಅನುಮಾನ ಪಟ್ಟರೆ ಕಂಪನಿಯ ಬಗ್ಗೆ ಬರೆಯಲು ಏನೂ ಉಳಿಯದು ಎಂಬ ಆಕ್ಷೇಪವಿದೆ. ಆದರೆ ಪ್ರಕಟಣೆಯನ್ನು ಎಸೆಯಬೇಕಿಲ್ಲ. ಹೊಸ ವ್ಯವಸ್ಥಾಪಕ ನಿರ್ದೇಶಕರು ಯಾರು, ನೋಂದಾಯಿತ ಕಚೇರಿ ಎಲ್ಲಿದೆ, ಕಂಪನಿಯ ಅಧಿಕೃತ ನಿಲುವೇನು ಎಂಬುದಕ್ಕೆ ಅದಕ್ಕಿಂತ ಒಳ್ಳೆಯ ಮೂಲ ಇರುವುದಿಲ್ಲ. ಕಂಪನಿಗೆ ಅನುಕೂಲವಾಗುವ, ಬೇರೆಯವರು ತಕರಾರು ತೆಗೆಯಬಲ್ಲ ಹೇಳಿಕೆಗೆ ಬಂದಾಗ ಮಾತ್ರ ‘ಕಾರ್ಖಾನೆಯ ಹೇಳಿಕೆಯ ಪ್ರಕಾರ’ ಎಂದು ಸೇರಿಸಿದರಾಯಿತು. ಇನ್ನೊಂದು ಆಕ್ಷೇಪ, ಕಂಪನಿಯನ್ನು ಟೀಕಿಸುವ ವರದಿಯೇ ಸ್ವತಂತ್ರ ವರದಿ ಎಂಬ ಭಾವನೆಯಿಂದ ಬರುತ್ತದೆ. ರೈತ ಸಂಘದ ಮನವಿಪತ್ರವನ್ನು ಹಾಗೆಯೇ ಅಚ್ಚುಹಾಕಿದ ಸುದ್ದಿಯೂ ಒಂದು ಪಕ್ಷದ ಪ್ರಕಟಣೆಯೇ; ಅದರಲ್ಲಿನ ಬಾಕಿಯ ಮೊತ್ತಕ್ಕೂ ಇದೇ ಪರೀಕ್ಷೆ ಸಲ್ಲಬೇಕು. ವರದಿಗಾರರು ಎರಡೂ ಕಡೆಯವರನ್ನು ಕೇಳಿ, ದಾಖಲೆ ನೋಡಿ, ಹೊಂದದ ಅಂಕಿಯನ್ನು ಹೊಂದದೆಂದೇ ಬರೆದಿದ್ದರೆ ಅದು ಕಂಪನಿಯ ಪರವಾಗಿ ಮುಗಿದರೂ ಸ್ವತಂತ್ರ ವರದಿಯೇ.

ಮಂಡ್ಯದ ವಿ.ಸಿ. ಫಾರಂನ ವಲಯ ಕೃಷಿ ಸಂಶೋಧನಾ ಕೇಂದ್ರದ ಹೆಸರು ಪ್ರಕಟಣೆಗಳಲ್ಲಿ ಕಾಣುವುದು ಇಂಥದೇ ಇನ್ನೊಂದು ಸಂದರ್ಭ. ಕೆಆರ್‌ಎಚ್-2 ಹೈಬ್ರಿಡ್ ಭತ್ತ ಮತ್ತು ವಿಸಿಎಫ್ 0517 ಕಬ್ಬಿನ ತಳಿ ಹೊರಬಂದ ಈ ಕೇಂದ್ರದ ಹೆಸರಿಗೆ ಸುತ್ತಲಿನ ರೈತರಲ್ಲಿ ಬೆಲೆಯಿದೆ. ಬೀಜದ ಅಥವಾ ಗೊಬ್ಬರದ ಕಂಪನಿಯೊಂದು ‘ವಿ.ಸಿ. ಫಾರಂನಲ್ಲಿ ಪರೀಕ್ಷಿಸಲಾಗಿದೆ’ ಎಂದು ಬರೆದರೆ, ಪರೀಕ್ಷೆ ನಡೆಯಿತು ಎಂಬುದು ಒಂದು ಸಂಗತಿ, ಫಲಿತಾಂಶ ಏನಾಯಿತು ಎಂಬುದು ಇನ್ನೊಂದು. ಕೇಂದ್ರವೇ ಪ್ರಕಟಿಸಿದ ಪ್ರಯೋಗದ ವರದಿಯಲ್ಲಿ ಎಷ್ಟು ಹಂಗಾಮು ಬೆಳೆದರು, ಯಾವ ತಳಿಗೆ ಹೋಲಿಸಿದರು, ಪ್ರಯೋಗದ ಖರ್ಚು ಯಾರದು ಎಂಬುದನ್ನು ನೋಡಬೇಕು. ಆ ವರದಿ ಸಿಗದಿದ್ದರೆ, ಪರೀಕ್ಷೆಯ ಮಾತನ್ನು ಕಂಪನಿಯ ಹೆಸರಿನಲ್ಲೇ ದಾಖಲಿಸಿ ಇಳುವರಿಯ ಅಂಕಿಯನ್ನು ಬಿಡುವುದೇ ಸರಿ.