ಸ್ಥಳ-ಕಾಲ-ಸಾಧನವಾಚಕ ನಾಮರೂಪಗಳು (ಅರಬ್ಬೀ)

ಅರಬ್ಬೀ ವ್ಯಾಕರಣದಲ್ಲಿ, ಮೂರು ವ್ಯಂಜನಗಳ ಧಾತುವಿಗೆ ಮಕಾರವನ್ನು ಪೂರ್ವದಲ್ಲಿರಿಸಿ, ಕ್ರಿಯೆಯು ನಡೆಯುವ ಸ್ಥಳವನ್ನಾಗಲಿ ಕಾಲವನ್ನಾಗಲಿ ಅದನ್ನು ನೆರವೇರಿಸುವ ಉಪಕರಣವನ್ನಾಗಲಿ ಸೂಚಿಸುವಂತೆ ಸಾಧಿಸಿದ ನಾಮಪದಗಳು. ಸ್ಥಳಕ್ಕೂ ಕಾಲಕ್ಕೂ ರೂಪವೊಂದೇ ಆಗಿ, ಅರ್ಥವು ಸಂದರ್ಭದಿಂದಲೇ ನಿರ್ಣೀತವಾಗುತ್ತದೆ. 'ಮಗ್ರಿಬ್' ಎಂಬುದು ಸೂರ್ಯನು ಮುಳುಗುವ ದಿಕ್ಕೂ ಅಹುದು, ಮುಳುಗುವ ವೇಳೆಯೂ ಅಹುದು.

ಸ್ಥಳ-ಕಾಲವಾಚಕಗಳಲ್ಲಿ ಮಕಾರದ ಸ್ವರ ಅಕಾರ. ಧಾತುವಿನ ಎರಡನೆಯ ವ್ಯಂಜನದ ಸ್ವರವನ್ನು ಸಾಮಾನ್ಯವಾಗಿ ವರ್ತಮಾನ ಕ್ರಿಯಾರೂಪವು ನಿಯಮಿಸುತ್ತದೆ: ಅಲ್ಲಿ ಇಕಾರವಿದ್ದರೆ ನಾಮದಲ್ಲಿಯೂ ಇಕಾರವೇ (ಯಜ್ಲಿಸು, 'ಕುಳಿತುಕೊಳ್ಳುತ್ತಾನೆ', ಮಜ್ಲಿಸ್, 'ಸಭೆ'), ಅಕಾರ ಉಕಾರಗಳಿದ್ದರೆ ಅಕಾರ (ಯಕ್ತುಬು, 'ಬರೆಯುತ್ತಾನೆ', ಮಕ್ತಬ್, 'ಬರೆಯುವ ಸ್ಥಳ, ಕಾರ್ಯಾಲಯ'). ಆದರೆ ಅತ್ಯಂತ ಪ್ರಸಿದ್ಧವಾದ ಪದವೇ ಈ ನಿಯಮವನ್ನು ಮೀರಿದೆ: 'ಯಸ್ಜುದು' (ಸಾಷ್ಟಾಂಗವೆರಗುತ್ತಾನೆ) ಎಂಬುದರಿಂದ 'ಮಸ್ಜದ್' ಆಗಬೇಕಾಗಿದ್ದುದು 'ಮಸ್ಜಿದ್' ಆಗಿ ನೆಲೆನಿಂತಿತು, ಕನ್ನಡದ 'ಮಸೀದಿ' ಇದರಿಂದ ಬಂದುದು. ಮೇಲಿನ 'ಮಗ್ರಿಬ್' ಸಹ ಇಂತಹುದೇ.

ಸಾಧನವಾಚಕದಲ್ಲಿ ಮಕಾರವು ಇಕಾರವನ್ನು ತಳೆದು ಮೂರು ಮಾದರಿಗಳಲ್ಲಿ ಕಾಣಿಸಿಕೊಳ್ಳುತ್ತದೆ: ಮಿಬ್ರದ್ (ಅರ), ಮಿಫ್ತಾಹ್ (ಬೀಗದ ಕೈ), ಮಿಕ್ನಸ (ಪೊರಕೆ). ಯಾವ ಧಾತುವಿಗೆ ಯಾವ ಮಾದರಿಯೆಂಬುದನ್ನು ನಿಯಮದಿಂದ ಊಹಿಸಲಾಗದು, ನಿಘಂಟೇ ಗತಿ. ಮುನ್‌ಖುಲ್ (ಜರಡಿ) ಮುಂತಾದ ಕೆಲವು ಅಪವಾದಗಳು. ಆಧುನಿಕ ಯಂತ್ರಗಳಿಗೆ ಮಕಾರವಿಲ್ಲದೆ ನಡುವ್ಯಂಜನವನ್ನು ದ್ವಿತ್ವಗೊಳಿಸಿದ ರೂಪವೂ ಬಳಕೆಯಲ್ಲಿದೆ: ಗಸ್ಸಾಲ, ಬಟ್ಟೆ ಒಗೆಯುವ ಯಂತ್ರ.